ವರ್ಷನ್ ಸಾಕಾ, ಬ್ರ್ಯಾಂಚ್ ಬೇಕಾ?

ಪುಣೆಯ ಭೋಸರಿಯಲ್ಲಿ ಫಿಕ್ಸ್ಚರ್ ಡಿಸೈನ್ ಮಾಡುವ ನಮ್ಮ ಕನ್ನಡದ ಹುಡುಗರು ಆನ್‌ಶೇಪ್ ಎಂಬ ಕ್ಯಾಡ್ ಸಾಫ್ಟ್‌ವೇರ್ ಹಿಡಿದಾಗ ಮೊದಲು ಕೇಳುವುದು ಇದನ್ನೇ.

ವರ್ಷನ್ ಅಂದರೆ ಇಡೀ ಡಾಕ್ಯುಮೆಂಟಿನ ಬದಲಾಗದ ಪ್ರತಿ. ವೆಂಡರ್‌ಗೆ ಡ್ರಾಯಿಂಗ್ ಕಳಿಸುವಾಗ ಅಷ್ಟು ಸಾಕು.

ಆದರೆ ನೀವು ಬ್ರಾಕೆಟ್ಟಿನ ದಪ್ಪವನ್ನು 6 ಮಿ.ಮೀ.ನಿಂದ 8ಕ್ಕೆ ಏರಿಸಿ ನೋಡಬೇಕು, ಅದೇ ಹೊತ್ತಿಗೆ ಇನ್ನೊಬ್ಬರು ಹೋಲ್‌ಗಳ ಜಾಗ ಬದಲಿಸುತ್ತಿದ್ದಾರೆ ಎಂದುಕೊಳ್ಳಿ. ಆಗ ಮೂಲವನ್ನು ಮುಟ್ಟದೆ ಬೇರೆಯಾಗಿ ಕೆಲಸ ಮಾಡುವ ಕವಲು, ಅಂದರೆ ಬ್ರ್ಯಾಂಚೇ ಸರಿ. ಮೊದಲು ವರ್ಷನ್ ಉಳಿಸಿ, ಅದರಿಂದ ಬ್ರ್ಯಾಂಚ್ ತೆಗೆಯಿರಿ. ಮೂಲ ಕೆಲಸದ ಜಾಗವಾದ Main ಅಲುಗುವುದಿಲ್ಲ. ದಪ್ಪ ಹಿಡಿಸಲಿಲ್ಲವೇ, ಬ್ರ್ಯಾಂಚ್ ಬಿಟ್ಟುಬಿಡಿ.

ಹಿಡಿಸಿದರೆ Main ತೆರೆದು, Compare ಮಾಡಿ ನೋಡಿದ ಮೇಲೆಯೇ Merge ಕೊಡಿ. ಆಮೇಲೆ ಫೀಚರ್ ಪಟ್ಟಿ ನೋಡಲೇಬೇಕು. ಫಿಲೆಟ್ ಕೆಂಪಾಗಿದ್ದರೆ, ಅದು ಹಿಡಿದಿದ್ದ ಅಂಚು ಹೋಗಿರುವುದೇ ಜಾಸ್ತಿ. ಅಂಚನ್ನು ಮತ್ತೆ ಆರಿಸಿಕೊಡಿ.