ಚಾನೆಲ್‌ಗೆ ಎರಡನೇ ಬೀಗ: ಎಸ್‌ಎಂಎಸ್ ಒಟಿಪಿ, ಆಪ್ ಕೋಡ್, ಸೆಕ್ಯುರಿಟಿ ಕೀ

ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಆಯ್ಕೆ ಸೆಕ್ಯುರಿಟಿ ಕೀ, ಅಂದರೆ ಲಾಗಿನ್ ಆಗುವಾಗ ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ. ಫೋನಿನ ಅಥೆಂಟಿಕೇಟರ್ ಆಪ್ ತೋರಿಸುವ ಕೋಡ್ ಇದ್ದಾಗಲೇ ನನ್ನ ಯೂಟ್ಯೂಬ್ ಚಾನೆಲ್ ಕಳ್ಳರ ಕೈ ಸೇರಿತ್ತು.

ವಿಡಿಯೋ ಎಡಿಟ್ ಮಾಡುವ ಹುಡುಗನಿಗೆ ನನ್ನ ಪಾಸ್‌ವರ್ಡ್ ಕೊಟ್ಟಿದ್ದೆ. ಒಂದು ಸಂಜೆ ಅವನಿಗೆ ಕಾಪಿರೈಟ್ ದೂರಿನ ಮೇಲ್ ಕಾಣಿಸಿತು. ಲಿಂಕ್ ಒತ್ತಿದ, ಗೂಗಲ್‌ನಂಥದ್ದೇ ಲಾಗಿನ್ ಪುಟ ಬಂತು. ಪಾಸ್‌ವರ್ಡ್ ಹಾಕಿ ನನಗೆ ಫೋನ್ ಮಾಡಿದ. "ಅಕ್ಕಾ, ಕೋಡ್ ಕೇಳ್ತಿದೆ, ಬೇಗ ಹೇಳಿ." ನಾನೇ ಆಪ್ ತೆರೆದು ಆರು ಅಂಕಿ ಓದಿದೆ. ಆ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಆದರೆ ಕಳ್ಳರಿಗೆ ಅಷ್ಟು ಹೊತ್ತು ಸಾಕು. ನಕಲಿ ಪುಟ ನಾವು ಹಾಕಿದ್ದನ್ನು ಅದೇ ಕ್ಷಣದಲ್ಲಿ ಅಸಲಿ ಪುಟಕ್ಕೆ ದಾಟಿಸುತ್ತದೆ. ಸ್ವಲ್ಪ ಹೊತ್ತಿಗೆ ಚಾನೆಲ್ ಹೆಸರು ಬದಲಾಗಿತ್ತು, ಕ್ರಿಪ್ಟೋ ಲೈವ್ ಓಡುತ್ತಿತ್ತು.

ಎಸ್‌ಎಂಎಸ್ ಒಟಿಪಿಗೂ ಇದೇ ಗತಿ. ಅದಕ್ಕೆ ಇನ್ನೊಂದು ತೊಂದರೆಯೂ ಉಂಟು: ನಿಮ್ಮ ನಂಬರಿಗೆ ಯಾರಾದರೂ ಬೇರೆ ಸಿಮ್ ತೆಗೆಸಿಕೊಂಡರೆ ಒಟಿಪಿ ಅವರಿಗೇ ಹೋಗುತ್ತದೆ. ಆಪ್‌ಗೆ ಆ ಭಯವಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಅಷ್ಟೇ ವ್ಯತ್ಯಾಸ.

ಕೀ ಕೆಲಸ ಮಾಡುವ ರೀತಿಯೇ ಬೇರೆ. ನೋಂದಾಯಿಸುವಾಗ ಅದು google.com ಎಂಬ ವಿಳಾಸಕ್ಕೇ ಕಟ್ಟುಬೀಳುತ್ತದೆ. ಪುಟ ಎಷ್ಟೇ ಹೋಲಲಿ, ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಕೀ ಉತ್ತರ ಕೊಡುವುದಿಲ್ಲ. ನಮ್ಮ ಕಣ್ಣು ಮೋಸ ಹೋಗಬಹುದು, ವಿಳಾಸ ನೋಡುವುದು ಬ್ರೌಸರ್. ಈಗ ಆ ಹುಡುಗ ಫೋನ್ ಮಾಡಿದರೂ ಓದಿ ಹೇಳಲು ನನ್ನ ಬಳಿ ಅಂಕಿಯೇ ಇಲ್ಲ.

ಆದರೆ ಒಂದು ತೊಡಕು ನನ್ನನ್ನು ಬಹಳ ಕಾಡಿತು. ಕೀ ಸೇರಿಸಿ ಸುಮಾರು ದಿನ ನೆಮ್ಮದಿಯಾಗಿದ್ದೆ. ಒಮ್ಮೆ ಅದನ್ನು ಮನೆಯಲ್ಲೇ ಬಿಟ್ಟು ಬಂದು ಬೇರೆ ಲ್ಯಾಪ್‌ಟಾಪಿನಲ್ಲಿ ಲಾಗಿನ್ ಆಗಬೇಕಾಯಿತು. `Try another way` ಒತ್ತಿದೆ, ಎಸ್‌ಎಂಎಸ್ ಬಂತು, ಒಳಗೆ ಹೋದೆ. ಒಳ್ಳೆಯದಾಯಿತು ಅಂದುಕೊಂಡೆ, ಮರುಕ್ಷಣವೇ ಎದೆ ಧಸಕ್ಕೆಂದಿತು. ನನಗೆ ತೆರೆದ ಬಾಗಿಲು ಕಳ್ಳರಿಗೂ ತೆರೆಯುತ್ತದೆ ಅಲ್ವಾ? ನಕಲಿ ಪುಟ ಕೀ ಕೇಳುವುದೇ ಇಲ್ಲ, ನೇರ ಒಟಿಪಿ ಕೇಳುತ್ತದೆ. ಕೀ ಸೇರಿಸಿದ ಮಾತ್ರಕ್ಕೆ ಹಳೆಯ ದಾರಿಗಳು ಮುಚ್ಚುವುದಿಲ್ಲ, ನಾವೇ ಹೋಗಿ ಮುಚ್ಚಬೇಕು.

ಹಾಗಾಗಿ 2-Step Verification ಪುಟದಿಂದ ಮೊದಲು ಫೋನ್ ನಂಬರ್, ಆಮೇಲೆ ಆಪ್ ತೆಗೆದೆ. ರಿಕವರಿ ಫೋನ್ ಬೇರೆ ಸೆಟ್ಟಿಂಗ್, ಅದನ್ನು ಉಳಿಸಿಕೊಂಡೆ. ಆಗ ಹೊಸ ಚಿಂತೆ ಶುರುವಾಯಿತು, ಇರುವ ಒಂದು ಕೀ ಕಳೆದರೆ? ಇನ್ನೊಂದು ಕೊಂಡು ಅದನ್ನೂ ನೋಂದಾಯಿಸಿ ಬೀರುವಿನಲ್ಲಿಟ್ಟೆ. ಬ್ಯಾಕಪ್ ಕೋಡ್ ಹತ್ತು ಸಿಗುತ್ತವೆ, ತಲಾ ಎಂಟು ಅಂಕಿ, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಕಾಗದದಲ್ಲಿ ಬರೆದು ಅಲ್ಲೇ ಇಟ್ಟಿದ್ದೇನೆ. ಅವನ್ನೂ ನಕಲಿ ಪುಟದಲ್ಲಿ ಹಾಕಿ ಕಳೆದುಕೊಳ್ಳಬಹುದು, ಆದ್ದರಿಂದ ಕೈಗೆ ಸುಲಭವಾಗಿ ಸಿಗದಿರುವುದೇ ಒಳ್ಳೆಯದು.

ಎರಡು ಕೀ ಕೊಳ್ಳುವುದು ಜಾಸ್ತಿ ಖರ್ಚು ಅನಿಸಿದರೆ ಫೋನಿನಲ್ಲೇ ಪಾಸ್‌ಕೀ ಮಾಡಿಕೊಳ್ಳಿ, ಫೋನ್ ಅನ್‌ಲಾಕ್ ಮಾಡಿದರೆ ಅದೇ ಕೀಯಂತೆ ಕೆಲಸ ಮಾಡುತ್ತದೆ. ಅದೂ ವಿಳಾಸ ನೋಡಿಯೇ ಉತ್ತರಿಸುತ್ತದೆ, ದುಡ್ಡಿಲ್ಲ. ನಾನು ಪದೇಪದೇ ಫೋನ್ ಬದಲಿಸುವವಳು, ಮನೆಯವರೆಲ್ಲ ಅದನ್ನು ಅನ್‌ಲಾಕ್ ಮಾಡುತ್ತಾರೆ, ಹಾಗಾಗಿ ನನಗೆ ಕೀಯೇ ಸರಿ.

ಕೀಗೂ ನಿಲ್ಲದ ದಾಳಿ ಒಂದಿದೆ. ಸ್ಪಾನ್ಸರ್ ಒಪ್ಪಂದ ಎಂದು ಪಾಸ್‌ವರ್ಡ್ ಹಾಕಿದ ಜಿಪ್ ಕಳಿಸುತ್ತಾರೆ. ಒಳಗೆ `contract.pdf.scr` ಥರದ ಫೈಲು, ಅಸಲಿಗೆ ಅದೊಂದು ಪ್ರೋಗ್ರಾಂ. ವಿಂಡೋಸ್ ಕೊನೆಯ .scr ಅನ್ನು ಅಡಗಿಸಿ ತೋರಿಸಿದರೆ ಪಿಡಿಎಫ್ ಅಂತಲೇ ಕಾಣುತ್ತದೆ. ತೆರೆದರೆ ಆಗಲೇ ಲಾಗಿನ್ ಆಗಿರುವ ಬ್ರೌಸರಿನ ಕುಕಿ, ಅಂದರೆ ಲಾಗಿನ್ ಆಗಿದ್ದೀರಿ ಎನ್ನುವ ಗುರುತಿನ ಚೀಟಿ, ಕದಿಯುತ್ತದೆ. ಲಾಗಿನ್ ಮುಗಿದೇ ಹೋಗಿರುವುದರಿಂದ ಯಾವ ಬೀಗವೂ ಅಡ್ಡ ಬರುವುದಿಲ್ಲ. ಫೈಲ್ ಎಕ್ಸ್‌ಟೆನ್ಷನ್ ಕಾಣುವ ಸೆಟ್ಟಿಂಗ್ ಆನ್ ಮಾಡಿಡಿ.

ಚಾನೆಲ್ ವಾಪಸ್ ಸಿಕ್ಕಿದ್ದು ಬೇಗ ಓಡಿದ್ದಕ್ಕೆ. ಕಳ್ಳರು ರಿಕವರಿ ನಂಬರ್ ಬದಲಿಸಿದರೂ ಏಳು ದಿನದವರೆಗೆ ಹಳೆಯ ನಂಬರಿಗೆ ಕೋಡ್ ತರಿಸಿಕೊಳ್ಳುವ ಅವಕಾಶ ಇರಬಹುದು. ನನ್ನ ಹಳೆಯ ಫೋನಿನಿಂದ g.co/recover ಗೆ ಹೋದೆ, ಕೋಡ್ ಬಂತು. ಒಳಗೆ ಹೋದ ಮೇಲೆ ಪಾಸ್‌ವರ್ಡ್ ಬದಲಿಸಿ, ಗುರುತಿಲ್ಲದ ಸಾಧನಗಳನ್ನು ಸೈನ್ ಔಟ್ ಮಾಡಿದೆ. ಜಿಮೇಲ್ ಫಿಲ್ಟರ್‌ಗಳಲ್ಲಿ ಒಂದು ಹೊಸದು ಕೂತಿತ್ತು, ಗೂಗಲ್ ಎಚ್ಚರಿಕೆಯ ಮೇಲ್‌ಗಳನ್ನೆಲ್ಲ ಕಸಕ್ಕೆ ಹಾಕುತ್ತಿತ್ತು. ಯೂಟ್ಯೂಬ್ ಸ್ಟುಡಿಯೋದ Permissions ನಲ್ಲಿ ಗೊತ್ತಿಲ್ಲದ ಮ್ಯಾನೇಜರ್ ಒಬ್ಬ ಇದ್ದ. ಎರಡನ್ನೂ ತೆಗೆದೆ.

ಹುಡುಗನಿಗೆ ಈಗ ಪಾಸ್‌ವರ್ಡ್ ಗೊತ್ತಿಲ್ಲ. ಅದೇ Permissions ಪುಟದಿಂದ ಅವನ ಸ್ವಂತ ಖಾತೆಗೆ `Editor (Limited)` ಪಾತ್ರ ಕೊಟ್ಟಿದ್ದೇನೆ. ಅಪ್‌ಲೋಡ್ ಮಾಡುತ್ತಾನೆ, ಪ್ರಕಟಿಸುತ್ತಾನೆ. ಪ್ರಕಟವಾದದ್ದನ್ನು ಅಳಿಸಲಾರ, ಇನ್ನೊಬ್ಬರನ್ನು ಸೇರಿಸಲಾರ. ಅವನ ಖಾತೆಗೂ ಪಾಸ್‌ಕೀ ಹಾಕಿಸಿದೆ.