ಅಜ್ಜಿಯ ಹಚ್ಚೆಗಾಗಿ ಫೋಟೋಗ್ರಾಫರ್‌ಗೆ ಮೂರು ಮೆಸೇಜು

ಪುಣೆಯ ಕೊಥ್ರೂಡಿನಲ್ಲಿ ತಂಗಿಯ ಮದುವೆಯಾಗಿ ಒಂದೂವರೆ ತಿಂಗಳಿಗೆ ಫೋಟೋ ಬಂದವು, ಒಟ್ಟು 180. ಎಲ್ಲರ ಮುಖವೂ ಬೆಣ್ಣೆ ಸವರಿದಂತೆ ನುಣುಪು. ವಿಜಯಪುರದಿಂದ ಬಂದಿದ್ದ ಅಜ್ಜಿ ಲ್ಯಾಪ್‌ಟಾಪ್ ಮುಂದೆ ಕೂತು, "ಈಕಿ ಯಾರವ್ವಾ? ನನ್ನ ಹಣಿ ಮ್ಯಾಲಿನ ಹಚ್ಚಿ ಎಲ್ಲಿ ಹೋತು?" ಅಂದಳು. ಕಲೆ ಅಂದುಕೊಂಡು ರಿಟಚ್ ಮಾಡುವ ಹುಡುಗ ಅಳಿಸಿಬಿಟ್ಟಿದ್ದ.

ಮೊದಲ ಮೆಸೇಜು ಒಂದೇ ಸಾಲು: "ರಾ ಡೇಟಾ ಎಲ್ಲ ಕೊಡಿ," ಅಂದರೆ ಕ್ಯಾಮೆರಾದಿಂದ ಬಂದ, ಏನೂ ತಿದ್ದದ ಮೂಲ ಫೈಲುಗಳು. ಉತ್ತರವೂ ಒಂದೇ ಸಾಲು, ಕೊಡುವುದಿಲ್ಲ. ಆಗ ಸಿಟ್ಟು ಬಂತು, ಆಮೇಲೆ ಲೆಕ್ಕ ಹಾಕಿದೆ. ಅವರು ತೆಗೆದದ್ದು 3,200ರ ಹತ್ತಿರ. ಒಂದು ರಾ ಫೈಲು 30 ಎಂಬಿ ಅಂದರೂ 96 ಜಿಬಿ ಆಯಿತು. ಅದರಲ್ಲಿ ಕಣ್ಣು ಮುಚ್ಚಿದವು, ಫ್ಲ್ಯಾಶ್ ತಪ್ಪಿದವು ಎಷ್ಟೋ. ಅವನ್ನು ಯಾರು ತಾನೇ ಹೊರಗೆ ಬಿಡುತ್ತಾರೆ?

ಎರಡನೆಯದು ಭಾವ ಬರೆಸಿದ್ದು, ಕಾನೂನಿನ ಮೆಸೇಜು. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಕಾಪಿರೈಟ್ ತೆಗೆಸಿದವರದು. ಮಾತು ಸುಳ್ಳಲ್ಲ. ಆದರೆ ಹಕ್ಕು ಯಾರದು ಅನ್ನುವುದು ಬೇರೆ, ಯಾವ ಫೈಲು ಕೈಗೆ ಕೊಡಬೇಕು ಅನ್ನುವುದು ಬೇರೆ. ನಮ್ಮ ಕೊಟೇಶನ್ನಿನಲ್ಲಿ ಇದ್ದದ್ದು "ಎಡಿಟ್ ಮಾಡಿದ 180" ಅಷ್ಟೇ. ಹತ್ತು ದಿನ ನೀಲಿ ಟಿಕ್ ಬಿಟ್ಟು ಬೇರೇನೂ ಬರಲಿಲ್ಲ.

ಮೂರನೆಯದನ್ನು ನಾನೇ ಕೂತು ಮರಾಠಿಯಲ್ಲಿ ಬರೆದೆ. ಸಾರ ಇಷ್ಟು: "ದಾದಾ, ನಿಮ್ಮ ಕೆಲಸದ ಮೇಲೆ ತಕರಾರಿಲ್ಲ. ನೀವು ಆರಿಸಿದ ಅದೇ 180 ಫೋಟೋಗಳ ರಿಟಚ್ ಮಾಡದ ಪ್ರತಿಯೂ ಬೇಕು, ಮನೆಯವರಿಗೆ ಮಾತ್ರ. ರಾ ಬೇಡ, ಪೂರ್ತಿ ಸೈಜಿನ ಜೆಪೆಗ್ ಸಾಕು. ಫೈಲ್ ನಂಬರ್ ಬದಲಿಸಬೇಡಿ. ಪೆನ್‌ಡ್ರೈವ್ ತಂದುಕೊಡುತ್ತೇನೆ, ಖರ್ಚು ಎಷ್ಟು ಹೇಳಿ." ಜೊತೆಗೆ ಅಜ್ಜಿಯ ಹಣೆಯ ಫೋಟೋ ಒಂದನ್ನು ಮೊಬೈಲಿನಲ್ಲಿ ತೆಗೆದು ಹಾಕಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. 1,500 ರೂಪಾಯಿ, ನಾಲ್ಕು ದಿನ.

ಬಂದ ಮೇಲೆ ನೋಡಬೇಕಾದದ್ದು ಎರಡು. ಅವರ ಕ್ಯಾಮೆರಾ 24 ಮೆಗಾಪಿಕ್ಸೆಲ್, ಹಾಗಾಗಿ ಕತ್ತರಿಸದ ಫೋಟೋ 6000×4000 ಇರಬೇಕು. 2048 ಅಂತಿದ್ದರೆ ಕುಗ್ಗಿಸಿದ್ದು. ಆಮೇಲೆ ಒಂದೇ ನಂಬರಿನ ಎರಡು ಪ್ರತಿ ಅಕ್ಕಪಕ್ಕ ಇಟ್ಟು ಹಿಗ್ಗಿಸಿ ನೋಡಿ, ಚರ್ಮದ ಸಣ್ಣ ರಂಧ್ರ, ನೆರಿಗೆ ಕಾಣಬೇಕು. ವಾಟ್ಸಾಪಿನಲ್ಲಿ ಮಾಮೂಲಿ ಫೋಟೋ ಆಗಿ ತರಿಸಿಕೊಂಡರೆ ಈ ಪರೀಕ್ಷೆಯೇ ನಡೆಯದು, ಅದು ತಾನೇ ಕುಗ್ಗಿಸಿಬಿಡುತ್ತದೆ.

ಹಚ್ಚೆ ಸಿಕ್ಕಿತು, ಹುಬ್ಬಿನ ನಡುವೆ ಹಸಿರು ಚುಕ್ಕೆ ಮೂರು. ಆದರೆ ಮಂಟಪದ ಹಳದಿ ದೀಪಕ್ಕೆ ಅಜ್ಜಿ ಕಾಮಾಲೆ ಬಂದವಳಂತೆ ಕಂಡಳು. ಬಣ್ಣ ಸರಿಪಡಿಸುವುದೇ ಒಂದು ಕೆಲಸ, ಮುಖ ತಿದ್ದುವುದೇ ಇನ್ನೊಂದು ಅಂತ ಆಗ ಗೊತ್ತಾಯಿತು. ಅಜ್ಜಿ ಇರುವ ಏಳು ಫೋಟೋಗಳ ನಂಬರ್ ಬರೆದು, "ಬಣ್ಣ ತಿದ್ದಿದ್ದು ಇರಲಿ, ಮುಖ ಮುಟ್ಟಬೇಡಿ" ಅಂತ ಕಳಿಸಿದೆ. ಮರುದಿನವೇ ಬಂದವು, ದುಡ್ಡು ಕೇಳಲಿಲ್ಲ.