ಪಿನ್ ಬಾರ್, ಇನ್‌ಸೈಡ್ ಬಾರ್: ಒಂದೇ ಲೆವೆಲ್‌ನಲ್ಲಿ ಎರಡನ್ನೂ ಹಾಕಿ ನೋಡಿದ್ದು

ಡೈಲಿ ಚಾರ್ಟ್‌ನಲ್ಲಿ ಈ ಎರಡೂ ಸೆಟಪ್‌ಗಳನ್ನು ಬಹಳ ದಿನ ಬೇರೆ ಬೇರೆಯಾಗಿ ಆಡಿದ್ದೆ. ಪಿನ್ ಬಾರ್ ಕಂಡರೆ ಪಿನ್ ಬಾರ್, ಇನ್‌ಸೈಡ್ ಬಾರ್ ಕಂಡರೆ ಇನ್‌ಸೈಡ್ ಬಾರ್. ಯಾವುದು ಮೇಲು ಅಂತ ಯಾರಾದರೂ ಕೇಳಿದರೆ ಆ ವಾರ ಯಾವುದು ಲಾಭ ಕೊಟ್ಟಿತ್ತೋ ಅದರ ಹೆಸರು ಹೇಳುತ್ತಿದ್ದೆ. ಆಮೇಲೆ ಒಂದು ಸಲ ಒಂದೇ ಲೆವೆಲ್‌ನಲ್ಲಿ, ಒಂದರ ಹಿಂದೆ ಒಂದರಂತೆ ಎರಡೂ ಬಂದವು. ಅಲ್ಲಿ ಮೂರು ತರದ ಆರ್ಡರ್ ಹಾಕಿ, ಮೂರನ್ನೂ ಬೇರೆ ಬೇರೆ ಲೆಕ್ಕ ಇಟ್ಟು ನೋಡಿದೆ. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ಆ ಕಥೆ. ಲೆಕ್ಕ ಸುಲಭ ಆಗಲಿ ಅಂತ ಬೆಲೆಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲು ನಾನು ಯಾವುದನ್ನು ಏನೆಂದು ಕರೆಯುತ್ತೇನೆ ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಉದ್ದ ಬಾಲ ಕಂಡದ್ದಕ್ಕೆಲ್ಲಾ ಪಿನ್ ಬಾರ್ ಅನ್ನುವವರು ಜಾಸ್ತಿ. ಪಿನ್ ಬಾರ್ ಅಂದರೆ ಪಿನೋಕಿಯೋ ಬಾರ್. ಸುಳ್ಳು ಹೇಳಿದಾಗ ಮೂಗು ಉದ್ದ ಆಗುತ್ತಲ್ಲ, ಅದೇ. ಬೆಲೆ ಲೆವೆಲ್ ದಾಟಿ ಹೋದಂತೆ ಮಾಡಿ, ಮುಗಿಯುವ ಹೊತ್ತಿಗೆ ವಾಪಸ್ ಬಂದಿರಬೇಕು. ಬಾಲ ಇಡೀ ಕ್ಯಾಂಡಲ್‌ನ ಮೂರರಲ್ಲಿ ಎರಡು ಪಾಲಾದರೂ ಇರಬೇಕು, ಮತ್ತೆ ಆ ಬಾಲ ಲೆವೆಲ್‌ನಿಂದ ಆಚೆ ಚಾಚಿರಬೇಕು. ಇನ್‌ಸೈಡ್ ಬಾರ್‌ನಲ್ಲಿ ಹೈ ಮತ್ತು ಲೋ ಎರಡೂ ಹಿಂದಿನ ಕ್ಯಾಂಡಲ್‌ನ ಒಳಗೇ ಉಳಿಯುತ್ತವೆ. ಆ ಹಿಂದಿನದೇ ಮದರ್ ಬಾರ್. ಇದನ್ನು ಜಪಾನಿನ ಹರಾಮಿ ಜೊತೆ ಕಲಸಬೇಡಿ, ಹರಾಮಿಯಲ್ಲಿ ಹೋಲಿಸುವುದು ಕ್ಯಾಂಡಲ್‌ನ ಬಾಡಿಯನ್ನು, ಇಲ್ಲಿ ಬಾಲವೂ ಲೆಕ್ಕಕ್ಕೆ ಬರುತ್ತದೆ. ಸಪೋರ್ಟ್ ಹತ್ತಿರ ಹುಡುಕಲು ನಾನು ಬಳಸುವ ಷರತ್ತು ಇಷ್ಟೇ:

```
inside = high <= high[1] and low >= low[1]
pin = (math.min(open, close) - low) >= 0.66 * (high - low)
```

ಲೆವೆಲ್ ಅನ್ನು ಕೋಡ್ ಹುಡುಕುವುದಿಲ್ಲ, ಅದನ್ನು ಕೈಯಲ್ಲೇ ಎಳೆಯುತ್ತೇನೆ. ಅದೂ ಕ್ಯಾಂಡಲ್ ಬರುವ ಮೊದಲೇ. ಚಂದದ ಪಿನ್ ಬಾರ್ ಕಂಡ ಮೇಲೆ ಅದರ ಕೆಳಗೆ ಗೆರೆ ಎಳೆಯುವ ಚಟ ನನಗೂ ಇತ್ತು. ಹಾಗೆ ಹುಡುಕಿದರೆ ಎಲ್ಲಿ ಬೇಕಾದರೂ ಒಂದು ಲೆವೆಲ್ ಸಿಗುತ್ತದೆ.

ಈಗ ಕೇಸಿಗೆ ಬರೋಣ. 840 ಹಿಂದೆ ಎರಡು ಸಲ ರೆಸಿಸ್ಟೆನ್ಸ್ ಆಗಿತ್ತು. ಅದನ್ನು ಒಡೆದು ಮೇಲೆ ಹೋದ ಬೆಲೆ ಈಗ ಅಲ್ಲಿಗೇ ಇಳಿದು ಬಂದಿತ್ತು. ಮೇಲೆ ಮುಂದಿನ ತಡೆ 880. ಮೊದಲ ದಿನ ಪಿನ್ ಬಾರ್ ಬಂತು: ಓಪನ್ 846, ಹೈ 850, ಲೋ 830, ಕ್ಲೋಸ್ 848. ಇಡೀ ಕ್ಯಾಂಡಲ್ 20 ಪಾಯಿಂಟ್, ಕೆಳಗಿನ ಬಾಲವೇ 16. ಹತ್ತು ಪಾಯಿಂಟ್ ಲೆವೆಲ್‌ನಿಂದ ಕೆಳಗೆ ಹೋಗಿ ವಾಪಸ್ ಬಂದಿದೆ. ಇದಕ್ಕಿಂತ ಅಚ್ಚುಕಟ್ಟಾದದ್ದು ಸಿಗುವುದು ಕಷ್ಟ.

ಎರಡನೇ ದಿನ ಹೈ 849, ಲೋ 841. ಅಂದರೆ ಪಿನ್ ಬಾರ್ ಹೊಟ್ಟೆಯೊಳಗೇ ಒಂದು ಇನ್‌ಸೈಡ್ ಬಾರ್.

ಪ್ರತಿ ಆರ್ಡರ್‌ಗೂ 1000 ರಿಸ್ಕ್ ಅಂತ ಇಟ್ಟುಕೊಂಡೆ. ಮೊದಲನೆಯದು ಪಿನ್ ಬಾರ್‌ನ ಮಾಮೂಲಿ ಎಂಟ್ರಿ: ಹೈ ಮೇಲೆ 851ಕ್ಕೆ ಬೈ ಸ್ಟಾಪ್, ಬಾಲದ ತುದಿಯ ಕೆಳಗೆ 829ಕ್ಕೆ ಸ್ಟಾಪ್‌ಲಾಸ್. ದೂರ 22 ಪಾಯಿಂಟ್, ಹಾಗಾಗಿ 45 ಯೂನಿಟ್. 880ಕ್ಕೆ 29 ಪಾಯಿಂಟ್ ಸಿಗುತ್ತದೆ, ಅಂದರೆ ಒಂದಕ್ಕೆ 1.3. ಇದು ನೋಡಿದರೇ ಬೇಜಾರಾಗುವ ಲೆಕ್ಕ.

ಎರಡನೆಯದು ಅದೇ ಪಿನ್ ಬಾರ್‌ಗೆ ಅರ್ಧಕ್ಕೆ ಲಿಮಿಟ್. 850 ಮತ್ತು 830ರ ನಡುವೆ 840. ಇಲ್ಲಿ ಅದು ಸರಿಯಾಗಿ ಲೆವೆಲ್ ಮೇಲೇ ಬಿತ್ತು. ಸ್ಟಾಪ್‌ಲಾಸ್ ಅದೇ 829. ರಿಸ್ಕ್ 11 ಪಾಯಿಂಟ್, 90 ಯೂನಿಟ್, ಸಿಗುವುದು 40. ಒಂದಕ್ಕೆ 3.6.

ಮೂರನೆಯದು ಇನ್‌ಸೈಡ್ ಬಾರ್ ಎಂಟ್ರಿ. ಮದರ್ ಬಾರ್ ಹೈ ಮೇಲೆ 851ಕ್ಕೇ ಬೈ ಸ್ಟಾಪ್, ಆದರೆ ಸ್ಟಾಪ್‌ಲಾಸ್ ಇನ್‌ಸೈಡ್ ಬಾರ್ ಲೋ ಕೆಳಗೆ, 840ಕ್ಕೆ. ರಿಸ್ಕ್ 11, ಮತ್ತೆ 90 ಯೂನಿಟ್. ಒಂದಕ್ಕೆ 2.6. ಬಿಗಿ ಸ್ಟಾಪ್, ಒಳ್ಳೆ ಅನುಪಾತ ಅಂತ ಇನ್‌ಸೈಡ್ ಬಾರನ್ನು ಹೊಗಳುವುದು ಇದಕ್ಕೇ. ನಾನೂ ಹೊಗಳುತ್ತಿದ್ದೆ.

ಮೂರನೇ ದಿನ ಬೆಲೆ ಮೊದಲು ಮೇಲೆ ಹೋಗಿ 853 ಮುಟ್ಟಿತು. ಮೊದಲನೇ ಮತ್ತು ಮೂರನೇ ಆರ್ಡರ್ ಎರಡೂ ತುಂಬಿದವು. ಆಮೇಲೆ ಜಾರಿ 837ಕ್ಕೆ ಬಂತು. 840ರ ಸ್ಟಾಪ್ ಹೊಡೆಯಿತು, ಅದೇ 840ರಲ್ಲಿ ಲಿಮಿಟ್ ಕೂಡ ತುಂಬಿತು. ದಿನದ ಕೊನೆಗೆ ಕ್ಲೋಸ್ 850. ಅದಾದ ಮೇಲೆ ಕೆಲವೇ ದಿನದಲ್ಲಿ 880. ಮೊದಲನೆಯದಕ್ಕೆ 1305 ಬಂತು, ಎರಡನೆಯದಕ್ಕೆ 3600, ಮೂರನೆಯದು 990 ಕಳೆದುಕೊಂಡಿತು. ದಿಕ್ಕು ಸರಿ, ಲೆವೆಲ್ ಸರಿ, ಎಂಟ್ರಿ ಬೆಲೆಯೂ ಮೊದಲನೆಯದ್ದೇ. ಸ್ಟಾಪ್ ಒಂದೇ ಬೇರೆ.

ಆ 840ರ ಸ್ಟಾಪ್ ಬಗ್ಗೆ ಸ್ವಲ್ಪ ಹೇಳಬೇಕು. ಬೆಲೆ 839ಕ್ಕೆ ಬಂದರೆ ನನ್ನ ಅಂದಾಜು ತಪ್ಪಾಯಿತು ಅಂತಲಾ? ಅಲ್ಲ. ಮೊನ್ನೆಯೇ ಬೆಲೆ 830ಕ್ಕೆ ಹೋಗಿ ಅಲ್ಲಿ ಕೊಳ್ಳುವವರು ಇದ್ದಾರೆ ಅಂತ ತೋರಿಸಿದೆ. ಆ ಕೊಳ್ಳುವವರು ಸೋತರು ಅಂತ ಗೊತ್ತಾಗುವುದು 830 ಒಡೆದಾಗ. ನಡುವೆ ಏನಾದರೂ ಅದು ಬರೀ ಗದ್ದಲ. ನಾನು 840ಕ್ಕೆ ಸ್ಟಾಪ್ ಇಟ್ಟದ್ದು ಅನುಪಾತ ಚೆನ್ನಾಗಿ ಕಾಣಲಿ ಅಂತ ಮಾತ್ರ, ಸಾಲದ್ದಕ್ಕೆ ಜನ ಕೊಳ್ಳಲು ಕಾಯುತ್ತಿರುವ ಗೆರೆಯ ಮೇಲೇ ಇಟ್ಟಿದ್ದೆ.

ಬಿಗಿ ಸ್ಟಾಪ್‌ನ ಇನ್ನೊಂದು ತೊಂದರೆ ಯೂನಿಟ್‌ಗಳಲ್ಲಿ ಅಡಗಿದೆ. ರಿಸ್ಕ್ 1000 ಅಂತಲೇ ಇಟ್ಟರೂ ಸ್ಟಾಪ್ ಅರ್ಧ ಆದಾಗ ಯೂನಿಟ್ ಎರಡು ಪಟ್ಟು ಆಗುತ್ತದೆ. 851ರ ಎರಡೂ ಆರ್ಡರ್ ತುಂಬಿ, ಸ್ಟಾಪ್ ಹೊಡೆಯದೆ ದಿನ ಮುಗಿದು, ಮರುದಿನ ಮಾರುಕಟ್ಟೆ ಗ್ಯಾಪ್ ಆಗಿ 825ಕ್ಕೆ ತೆರೆದಿದ್ದರೆ ಏನಾಗುತ್ತಿತ್ತು ನೋಡಿ. 829 ಸ್ಟಾಪ್ ಇಟ್ಟವನು 26 ಪಾಯಿಂಟ್ 45 ಯೂನಿಟ್‌ನಲ್ಲಿ ಕಳೆದುಕೊಳ್ಳುತ್ತಿದ್ದ, 1170. 840 ಸ್ಟಾಪ್ ಇಟ್ಟವನು ಅದೇ 26 ಪಾಯಿಂಟನ್ನು 90 ಯೂನಿಟ್‌ನಲ್ಲಿ, 2340. ಬಿಗಿ ಸ್ಟಾಪ್ ಅಂದರೆ ಕಡಿಮೆ ರಿಸ್ಕ್ ಅಂದುಕೊಂಡವನಿಗೆ ಪೆಟ್ಟು ಎರಡರಷ್ಟು.

ಹಾಗಾದರೆ ಲಿಮಿಟ್ ಎಂಟ್ರಿಯೇ ಗೆದ್ದಿತಲ್ವಾ ಅನ್ನಬಹುದು. ನಾನೂ ಅಂದುಕೊಂಡು ಕೆಲವು ತಿಂಗಳು ಅದನ್ನೇ ಹಿಡಿದೆ. ಆಗ ಗೊತ್ತಾದ ವಿಷಯ ಇದು: ಒಳ್ಳೆ ಪಿನ್ ಬಾರ್‌ಗಳಲ್ಲಿ ಕೆಲವು ಅರ್ಧಕ್ಕೆ ವಾಪಸ್ ಬರುವುದೇ ಇಲ್ಲ. ಮರುದಿನ ತೆರೆದದ್ದೇ ಹೊರಟುಬಿಡುತ್ತವೆ, ನಾವು ನೋಡುತ್ತಾ ಕೂರಬೇಕು. ಸೋಲುವವು ಮಾತ್ರ ಒಂದೂ ತಪ್ಪಿಸುವುದಿಲ್ಲ, ಯಾಕೆಂದರೆ ಬೆಲೆ ಬಾಲದ ತುದಿ ಒಡೆಯಬೇಕಾದರೆ ಅರ್ಧವನ್ನು ದಾಟಿಯೇ ಹೋಗಬೇಕು. ಹಾಗಾಗಿ ಲಿಮಿಟ್ ಹಾಕಿದವನಿಗೆ ಸೋಲು ಎಲ್ಲವೂ ಸಿಗುತ್ತದೆ, ಗೆಲುವು ಕೆಲವು ಮಾತ್ರ. 3.6 ಅನ್ನುವ ಸಂಖ್ಯೆಯಲ್ಲಿ ಈ ಕಡಿತ ಕಾಣುವುದಿಲ್ಲ. ಬೈ ಸ್ಟಾಪ್‌ಗೆ ಇದರ ಉಲ್ಟಾ ಗುಣ ಇದೆ: ಮೇಲೆ ಹೋಗದೆ ನೇರ ಬಿದ್ದ ಪಿನ್ ಬಾರ್‌ನಲ್ಲಿ ಆರ್ಡರ್ ತುಂಬುವುದೇ ಇಲ್ಲ, ಒಂದು ಪೈಸೆ ಹೋಗುವುದಿಲ್ಲ. ಬೇಜಾರಿನ 1.3ಕ್ಕೆ ಸಿಗುವ ಬದಲಿ ಅದು.

ಅದಕ್ಕೇ ಈಗ ಪಿನ್ ಬಾರ್‌ಗೆ ಅರ್ಧ ರಿಸ್ಕ್ ಲಿಮಿಟ್‌ನಲ್ಲಿ, ಅರ್ಧ ಬೈ ಸ್ಟಾಪ್‌ನಲ್ಲಿ, ಸ್ಟಾಪ್‌ಲಾಸ್ ಎರಡಕ್ಕೂ ಬಾಲದ ಆಚೆ. ಬೆಲೆ ಗುರಿಯ ಅರ್ಧ ದಾರಿ ಹೋಗಿದ್ದರೆ ತುಂಬದ ಲಿಮಿಟ್ ರದ್ದು. ಅಷ್ಟು ಹೋಗಿ ವಾಪಸ್ ಬರುವ ಬೆಲೆ ಬೇರೆಯದೇ ಕಥೆ ಹೇಳುತ್ತಿರುತ್ತದೆ.

ಇನ್‌ಸೈಡ್ ಬಾರನ್ನು ಪೂರ್ತಿ ಬಿಟ್ಟಿಲ್ಲ. ಲೆವೆಲ್‌ನಲ್ಲಿ ತಿರುವು ಹಿಡಿಯಲು ಅದು ಸುಮಾರು. ಪಿನ್ ಬಾರ್ ಒಂದು ಕಡೆಯವರು ಸೋತದ್ದನ್ನು ತೋರಿಸುತ್ತದೆ, ಇನ್‌ಸೈಡ್ ಬಾರ್ ಯಾರೂ ಗೆದ್ದಿಲ್ಲ ಅನ್ನುತ್ತದೆ ಅಷ್ಟೇ. ಎರಡೂ ಕಡೆ ಆರ್ಡರ್ ಹಾಕಿ ಕಾದೂ ನೋಡಿದ್ದೇನೆ, ಒಂದೇ ದಿನ ಮೇಲೆ ತುಂಬಿ ಕೆಳಗೂ ತುಂಬಿದ ಮೇಲೆ ಬಿಟ್ಟೆ. ಅದು ಕೆಲಸ ಮಾಡುವುದು ಬೆಲೆ ಆಗಲೇ ಒಂದು ದಿಕ್ಕಿಗೆ ಓಡುತ್ತಾ, ಲೆವೆಲ್ ಒಡೆದು, ಅದರ ಮೇಲೆ ಒಂದು ದಿನ ಉಸಿರು ತೆಗೆದುಕೊಂಡಾಗ. ಮದರ್ ಬಾರ್ ಚಿಕ್ಕದಿರಬೇಕು. ಆಗ ಸ್ಟಾಪ್ ಮದರ್ ಬಾರ್‌ನ ಎದುರು ತುದಿಗೆ ಇಟ್ಟರೂ ದೂರ ಅನ್ನಿಸುವುದಿಲ್ಲ. ಮದರ್ ಬಾರ್ ದೊಡ್ಡದಿದ್ದು, ಆ ತುದಿಗೆ ಸ್ಟಾಪ್ ಇಟ್ಟರೆ ಲೆಕ್ಕ ಕೂಡುವುದಿಲ್ಲ ಅನ್ನುವುದಾದರೆ ಆ ಟ್ರೇಡ್ ಬಿಡುತ್ತೇನೆ, ಸ್ಟಾಪನ್ನು ಒಳಗೆ ತರುವುದಿಲ್ಲ.

ಕಣ್ಣಿಗೆ ಮಣ್ಣೆರಚುವ ಎರಡು ವಿಷಯ ಇವೆ. ಫಾರೆಕ್ಸ್‌ನಲ್ಲಿ ದಿನ ಎಲ್ಲಿ ಮುಗಿಯುತ್ತದೆ ಅನ್ನುವುದು ಬ್ರೋಕರ್ ಸರ್ವರ್ ಸಮಯದ ಮೇಲೆ ನಿಂತಿದೆ. ನ್ಯೂಯಾರ್ಕ್ ಸಂಜೆ 5ಕ್ಕೆ ದಿನ ಮುಗಿಸುವ ಚಾರ್ಟ್‌ನಲ್ಲಿ ವಾರಕ್ಕೆ ಐದು ಕ್ಯಾಂಡಲ್. ಬೇರೆ ಕೆಲವದರಲ್ಲಿ ಭಾನುವಾರದ ಒಂದೆರಡು ಗಂಟೆಗೂ ಒಂದು ಪುಟ್ಟ ಕ್ಯಾಂಡಲ್ ಬರುತ್ತದೆ, ಅದು ಹೆಚ್ಚು ಸಲ ಇನ್‌ಸೈಡ್ ಬಾರ್ ಆಗಿಯೇ ಇರುತ್ತದೆ. ಅದರಲ್ಲಿ ಸುದ್ದಿ ಏನೂ ಇಲ್ಲ. ಒಂದು ಚಾರ್ಟ್‌ನ ಪಿನ್ ಬಾರ್ ಇನ್ನೊಂದರಲ್ಲಿ ಎರಡು ಸಾದಾ ಕ್ಯಾಂಡಲ್ ಆಗಿರುವುದನ್ನೂ ನೋಡಿದ್ದೇನೆ.

ಇನ್ನೊಂದು, ಮಾರುವ ಕಡೆಯ ಸ್ಪ್ರೆಡ್. ಚಾರ್ಟ್ ಸಾಮಾನ್ಯವಾಗಿ ತೋರಿಸುವುದು ಬಿಡ್ ಬೆಲೆ, ಆದರೆ ಶಾರ್ಟ್ ಪೊಸಿಷನ್‌ನ ಸ್ಟಾಪ್ ಹೊಡೆಯುವುದು ಆಸ್ಕ್ ಬೆಲೆಗೆ. ರೆಸಿಸ್ಟೆನ್ಸ್‌ನಲ್ಲಿ ಪಿನ್ ಬಾರ್ ಹೈ ಮೇಲೆ ಒಂದೇ ಪಾಯಿಂಟ್ ಬಿಟ್ಟು ಸ್ಟಾಪ್ ಇಟ್ಟು, ಚಾರ್ಟ್‌ನಲ್ಲಿ ಆ ಹೈ ಮುಟ್ಟದೆಯೇ ನಾನು ಹೊರಬಿದ್ದಿದ್ದೇನೆ. ದಿನ ಬದಲಾಗುವ ಹೊತ್ತಿನಲ್ಲಿ ಸ್ಪ್ರೆಡ್ ಅಗಲ ಆಗುತ್ತದೆ, ಆಗಲೇ ಹೀಗೆ ಜಾಸ್ತಿ. ಈಗ ಮಾರುವಾಗ ಸ್ಪ್ರೆಡ್ ಸೇರಿಸಿ, ಅದರ ಮೇಲೆ ಎಟಿಆರ್‌ನ, ಅಂದರೆ ಕ್ಯಾಂಡಲ್‌ಗಳ ಸರಾಸರಿ ಏರಿಳಿತದ, ಹತ್ತನೇ ಒಂದು ಪಾಲು ಬಿಡುತ್ತೇನೆ.

ಮೇಲಿನ ಕೇಸಿನ ಮೂರನೇ ದಿನವನ್ನು ಇನ್ನೊಂದು ಸಲ ನೋಡಿ. ಓಪನ್ 848, ಹೈ 853, ಲೋ 837, ಕ್ಲೋಸ್ 850. 16 ಪಾಯಿಂಟ್ ಕ್ಯಾಂಡಲ್‌ನಲ್ಲಿ 11 ಪಾಯಿಂಟ್ ಬಾಲ. ಇನ್‌ಸೈಡ್ ಬಾರ್‌ನ ಬಿಗಿ ಸ್ಟಾಪ್‌ಗಳನ್ನು ಗುಡಿಸಿಕೊಂಡು ಹೋದ ಆ ಇಳಿತವೇ ಲೆವೆಲ್ ಮೇಲೆ ಇನ್ನೊಂದು ಪಿನ್ ಬಾರ್ ಆಗಿ ನಿಂತಿತ್ತು. ಅದರ ಹೈ ಮೇಲೆ 854, ಬಾಲದ ಕೆಳಗೆ 836: ರಿಸ್ಕ್ 18, ಸಿಗುವುದು 26. ನಾನು ಆ ಸಂಜೆ 990 ಕಳೆದುಕೊಂಡ ಸಿಟ್ಟಿನಲ್ಲಿದ್ದೆ, ಆ ಕ್ಯಾಂಡಲ್ ಕಡೆ ನೋಡಲೇ ಇಲ್ಲ.